ತಟ್ಟೆಯಲ್ಲಿ ನೀರು, ಕುಂಡದೊಳಗೆ ಬರ: ನೀರು ಹೀರದ ಮಿಶ್ರಣವನ್ನು ಮತ್ತೆ ನೆನೆಸುವ ಕ್ರಮ

ಕುಂಡಕ್ಕೆ ಒಂದು ಚೊಂಬು ನೀರು ಹೊಯ್ದ ಕೂಡಲೇ ಕೆಳಗಿನ ತಟ್ಟೆ ತುಂಬಿತು ಅಂದರೆ, ಗಿಡಕ್ಕೆ ಸಾಕಷ್ಟು ನೀರಾಯಿತು ಎಂದು ನಾವು ಕೈ ತೊಳೆದುಕೊಳ್ಳುತ್ತೇವೆ. ಹಾಸನ, ಚಿಕ್ಕಮಗಳೂರು ಕಡೆ ಸಂಕ್ರಾಂತಿ ಕಳೆದ ಮೇಲೆ ಮೊದಲ ಮಳೆ ಬೀಳುವ ತನಕ ಈ ಲೆಕ್ಕ ಆಗಾಗ ತಪ್ಪುತ್ತದೆ. ಬೆಳಿಗ್ಗೆ ಚಳಿ, ಮಧ್ಯಾಹ್ನ ಚುರುಗುಟ್ಟುವ ಬಿಸಿಲು, ಜೊತೆಗೆ ಒಣಗಾಳಿ. ಚಳಿ ಇದೆಯಲ್ಲ, ಕುಂಡ ಅಷ್ಟು ಬೇಗ ಒಣಗುವುದಿಲ್ಲ ಎಂದುಕೊಂಡು ನಾಲ್ಕು ದಿನ ಮರೆತಿರುತ್ತೇವೆ. ಅಷ್ಟರಲ್ಲಿ ಕೋಕೋಪೀಟ್ ಅಥವಾ ಎಲೆಗೊಬ್ಬರ ಹೆಚ್ಚಿರುವ ಮಿಶ್ರಣ ಪೂರ್ತಿ ಒಣಗಿ ಎರಡು ಕೆಲಸ ಮಾಡಿಕೊಂಡಿರುತ್ತದೆ: ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ, ಮೇಲೆ ಬಿದ್ದ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಜಾರಿಸುತ್ತಿರುತ್ತದೆ. ನೀರು ಸುಲಭದ ದಾರಿ ಹಿಡಿದು ಗೋಡೆ ಪಕ್ಕದ ಸಂದಿಯಲ್ಲಿ ಇಳಿದು ತಳದ ತೂತಿನಿಂದ ಹೊರಗೆ ಹೋಗುತ್ತದೆ. ಬೇರು ಇರುವ ನಡುಭಾಗಕ್ಕೆ ಒಂದು ಹನಿಯೂ ಮುಟ್ಟಿರುವುದಿಲ್ಲ.

ಇದನ್ನು ಸರಿಮಾಡುವುದು ಕಷ್ಟವಲ್ಲ. ಆದರೆ ಇನ್ನೂ ಎರಡು ಚೊಂಬು ನೀರು ಜಾಸ್ತಿ ಹೊಯ್ಯುವುದರಿಂದ ಆಗುವ ಕೆಲಸ ಅಲ್ಲ. ಇಲ್ಲಿ ನೀರಿನ ಪ್ರಮಾಣಕ್ಕಿಂತ ನೀರು ಮಿಶ್ರಣಕ್ಕೆ ತಾಗಿಕೊಂಡಿರುವ ಹೊತ್ತು ಮುಖ್ಯ. ಮುಂದೆ ಹೇಳುವ ಎಲ್ಲ ಹಂತಗಳೂ ಆ ಹೊತ್ತನ್ನು ಹೆಚ್ಚಿಸುವ ಉಪಾಯಗಳೇ.

ಯಾಕೆ ಹೀಗಾಗುತ್ತದೆ

ತೆಂಗಿನ ನಾರಿನ ಪುಡಿ, ಕೊಳೆತ ಎಲೆ, ಕಾಂಪೋಸ್ಟ್, ಹೊರದೇಶದ ಪೀಟ್ ಎಲ್ಲವೂ ಗಿಡಗಳ ಅವಶೇಷ. ಎಲೆಯ ಮೇಲಿನ ಮೇಣ, ತೊಗಟೆಯ ಎಣ್ಣೆಯಂಶ, ಕೊಳೆಯುವಾಗ ಹುಟ್ಟುವ ಆಮ್ಲಗಳು, ಶಿಲೀಂಧ್ರದ ಬಿಳಿ ಎಳೆಗಳು ಇವೆಲ್ಲ ಸೇರಿ ಪ್ರತಿ ಕಣದ ಮೇಲೂ ತೆಳುವಾದ ಲೇಪ ಮಾಡಿರುತ್ತವೆ. ತೇವ ಇರುವಷ್ಟು ದಿನ ಈ ಲೇಪದ ನೀರೊಲ್ಲದ ತುದಿಗಳು ಅಡಗಿರುತ್ತವೆ. ಒಣಗುತ್ತಾ ಹೋದಂತೆ ಅವು ಹೊರಮುಖವಾಗಿ ತಿರುಗುತ್ತವೆ. ಆಗ ನೀರು ಕಣಕ್ಕೆ ಅಂಟುವುದಿಲ್ಲ. ಹನಿಯಾಗಿ ಗುಂಡಗೆ ನಿಲ್ಲುತ್ತದೆ, ಇಳಿಜಾರಿದ್ದರೆ ಉರುಳಿಹೋಗುತ್ತದೆ. ಒಣ ರಾಗಿ ಹಿಟ್ಟಿನ ಮೇಲೆ ಒಮ್ಮೆಲೇ ನೀರು ಸುರಿದರೆ ಗಂಟಿನ ಹೊರಗೆ ಒದ್ದೆ, ಒಳಗೆ ಒಣ ಹಿಟ್ಟು ಉಳಿಯುತ್ತದಲ್ಲ, ಕುಂಡದಲ್ಲಿ ಆಗುವುದೂ ಅದೇ.

ಎಲ್ಲ ಮಿಶ್ರಣವೂ ಒಂದೇ ಹಟದ್ದಲ್ಲ. ಪೀಟ್ ಒಮ್ಮೆ ಚೆನ್ನಾಗಿ ಒಣಗಿದರೆ ಬಹಳ ಸತಾಯಿಸುತ್ತದೆ. ಕೋಕೋಪೀಟ್ ಅದಕ್ಕಿಂತ ಬೇಗ ಸೋಲುತ್ತದೆ. ನಮ್ಮ ಕಡೆಯ ವಿಶೇಷ ಇರುವುದು ಎಲೆಗೊಬ್ಬರದಲ್ಲಿ. ಕಾಫಿ ತೋಟದ ಅಂಚಿನಿಂದ ಒಂದು ಚೀಲ ತರಗೆಲೆ ಗೊಬ್ಬರ ಕೆರೆದು ತಂದು ಕುಂಡಕ್ಕೆ ತುಂಬುವ ಅಭ್ಯಾಸ ಮಲೆನಾಡಿನ ಮನೆಗಳಲ್ಲಿ ಮೊದಲಿಂದಲೂ ಇದೆ. ಗೊಬ್ಬರ ಒಳ್ಳೆಯದೇ. ಆದರೆ ಅರ್ಧ ಕೊಳೆತದ್ದಾಗಿ ಅದರೊಳಗೆ ಬಿಳಿ ಶಿಲೀಂಧ್ರದ ಬಲೆ ಹಬ್ಬಿದ್ದರೆ, ಒಣಗಿದಾಗ ನೀರನ್ನು ತಳ್ಳುವ ಗುಣ ಹೆಚ್ಚು. ನೀಲಗಿರಿ ತೋಪಿನ ಕೆಳಗಿನ ತರಗು ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು, ಅದನ್ನು ಕುಂಡಕ್ಕೆ ತರಲೇಬೇಡಿ.

ಕೆಮ್ಮಣ್ಣು ಹೆಚ್ಚಿರುವ ಕುಂಡವೂ ಒಣಗಿದಾಗ ಗೋಡೆ ಬಿಡುತ್ತದೆ. ಅಲ್ಲೂ ನೀರು ಪಕ್ಕದಲ್ಲಿ ಇಳಿಯುತ್ತದೆ. ಆದರೆ ಅದರ ಕಾಯಿಲೆ ಬೇರೆ: ಅಲ್ಲಿ ಇರುವುದು ಬರೀ ಸಂದಿ, ಮಣ್ಣಿಗೆ ನೀರಿನ ಮೇಲೆ ಮುನಿಸಿಲ್ಲ. ಎರಡನ್ನೂ ಬೇರ್ಪಡಿಸಿ ನೋಡುವುದರಿಂದ ಕೆಲಸ ಶುರು ಮಾಡೋಣ.

ಮೊದಲು ಪರೀಕ್ಷೆ

ಕುಂಡವನ್ನು ಎತ್ತಿ ನೋಡಿ. ನೀರು ಹಾಕಿದ ಹತ್ತು ನಿಮಿಷಕ್ಕೆ ಎತ್ತಿದರೂ ಹಗುರವಾಗಿದ್ದರೆ ಅರ್ಧ ಉತ್ತರ ಸಿಕ್ಕಿತು.

ಆಮೇಲೆ ಮೇಲಿನ ಅರ್ಧ ಇಂಚು ಮಿಶ್ರಣವನ್ನು ಹಳೆಯ ಚಮಚದಿಂದ ಪಕ್ಕಕ್ಕೆ ಸರಿಸಿ, ಅದರ ಕೆಳಗಿನ ಒಣ ಪದರದ ಮೇಲೆ ನಾಲ್ಕೈದು ಹನಿ ನೀರು ಬಿಡಿ. ಐದು ಸೆಕೆಂಡಿನೊಳಗೆ ಹನಿ ಇಂಗಿದರೆ ಮಿಶ್ರಣ ಸರಿಯಾಗಿದೆ, ತೊಂದರೆ ಸಂದಿಯದ್ದು ಮಾತ್ರ. ಒಂದು ನಿಮಿಷ ಕಳೆದರೂ ಹನಿ ಗುಂಡಗೆ ಕೂತಿದ್ದರೆ ಮಿಶ್ರಣ ನೀರನ್ನು ಬಲವಾಗಿಯೇ ತಳ್ಳುತ್ತಿದೆ. ಮಣ್ಣುವಿಜ್ಞಾನಿಗಳು ಹೊಲದ ಮಣ್ಣಿಗೂ ಇದೇ ಹನಿ ಪರೀಕ್ಷೆ ಮಾಡುತ್ತಾರೆ, ಈ ಐದು ಸೆಕೆಂಡು, ಒಂದು ನಿಮಿಷದ ಗೆರೆಗಳೂ ಅವರದ್ದೇ. ಮೇಲ್ಪದರ ಸರಿಸಿ ನೋಡುವುದು ಯಾಕೆಂದರೆ, ದಿನಾ ನೀರು ಬೀಳುವ ಮೇಲಿನ ಒಂದೆರಡು ನೂಲು ಒದ್ದೆಯಾಗಿಯೇ ಕಾಣುತ್ತದೆ. ಬಹಳ ಜನ ಮೋಸ ಹೋಗುವುದು ಅದನ್ನು ಬೆರಳಲ್ಲಿ ಮುಟ್ಟಿ ನೋಡಿ.

ಇನ್ನೊಂದು ಸಾಕ್ಷಿ ಬೇಕಿದ್ದರೆ ಬಿದಿರು ಕಡ್ಡಿಯೊಂದನ್ನು ಬುಡಕ್ಕೂ ಗೋಡೆಗೂ ನಡುವೆ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ನಡುವೆ ಒಣಗಿದ್ದು ತುದಿ ಮಾತ್ರ ಒದ್ದೆ ಇದ್ದರೆ, ನೀರು ಪಕ್ಕದಿಂದ ಇಳಿದು ತಳದಲ್ಲಿ ಮಾತ್ರ ನಿಂತಿದೆ ಎಂದರ್ಥ.

ಗಿಡದ ಮುಖ ನೋಡಿ ತೀರ್ಮಾನ ಮಾಡುವುದು ಮಾತ್ರ ಬೇಡ. ನೀರು ಹೆಚ್ಚಾದರೂ ಎಲೆ ಹಳದಿಯಾಗಿ ಜೋಲುತ್ತದೆ, ನೀರು ಸಿಗದಿದ್ದರೂ ಹಾಗೆಯೇ. ತಟ್ಟೆಯಲ್ಲಿ ನೀರು ನಿಂತಿರುವುದನ್ನು ನೋಡಿ ಹೆಚ್ಚಾಯಿತೆಂದು ನೀರು ನಿಲ್ಲಿಸಿಬಿಟ್ಟರೆ ಗಿಡದ ಕಥೆ ಮುಗಿಯಿತು.

ಒಂದು ಆಂಥೂರಿಯಂ ಕುಂಡದ ಉದಾಹರಣೆ

ಚಿಕ್ಕಮಗಳೂರಿನಲ್ಲಿರುವ ನಮ್ಮ ಅತ್ತಿಗೆಯ ಮನೆಯ ಜಗಲಿಯಲ್ಲಿ ಆಂಥೂರಿಯಂ ಸಾಲು ಇದೆ. ಮಾರ್ಚ್‌ನಲ್ಲಿ ಮನೆಮಂದಿಯೆಲ್ಲ ಮದುವೆಗೆಂದು ಊರಿಗೆ ಹೋಗಿ ಬಂದ ಮೇಲೆ ಒಂದು ಗಿಡ ಮಾತ್ರ ಸುಧಾರಿಸಲೇ ಇಲ್ಲ. "ದಿನಾ ನೀರು ಹಾಕ್ತಾ ಇದೀನಿ ಕಣೇ, ತಟ್ಟೇಲಿ ನೀರು ನಿಂತೇ ಇರುತ್ತೆ, ಆದ್ರೂ ಎಲೆ ಜೋತು ಬಿದ್ದಿದೆ" ಅಂತ ಫೋನು. ಎಂಟು ಇಂಚಿನ ಪ್ಲಾಸ್ಟಿಕ್ ಕುಂಡ, ಒಳಗೆ ಹೆಚ್ಚುಕಡಿಮೆ ಸಮಸಮ ಕೋಕೋಪೀಟ್ ಮತ್ತು ತೋಟದ ಎಲೆಗೊಬ್ಬರ, ಸ್ವಲ್ಪ ಇದ್ದಿಲ ಚೂರು. ಇಂಥ ಕುಂಡದಲ್ಲಿ ಮೂರೂವರೆಯಿಂದ ನಾಲ್ಕು ಲೀಟರಿನಷ್ಟು ಮಿಶ್ರಣ ಹಿಡಿಯುತ್ತದೆ.

"ಅಡುಗೆಮನೆ ತಕ್ಕಡೀಲಿ ತೂಗಿ ನೋಡಿ ಅತ್ತಿಗೆ" ಅಂದೆ. ಗಿಡ ಸಮೇತ 1.3 ಕಿಲೋ. ಒಂದು ಲೀಟರ್ ನೀರು ಅಳೆದು ಹೊಯ್ದು, ಕೆಳಗೆ ಬಂದದ್ದನ್ನು ಹಿಡಿದು ಅಳೆದರೆ ಮುಕ್ಕಾಲು ಲೀಟರಿಗಿಂತ ಹೆಚ್ಚು ವಾಪಸ್ಸು ಬಂದಿತ್ತು, ಅದೂ ಅರ್ಧ ನಿಮಿಷದೊಳಗೆ. ಹನಿ ಪರೀಕ್ಷೆಯಲ್ಲಿ ಹನಿ ಅಲ್ಲಾಡಲಿಲ್ಲ. ಇನ್ನು ಅನುಮಾನಕ್ಕೆ ಜಾಗವಿಲ್ಲ. ಮುಂದಿನ ಹಂತಗಳನ್ನು ಈ ಕುಂಡವನ್ನೇ ಇಟ್ಟುಕೊಂಡು ಹೇಳುತ್ತೇನೆ, ನಿಮ್ಮ ಕುಂಡದ ಗಾತ್ರಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ.

ಹಂತ 1: ನೆರಳಿಗೆ ತಂದು ಮೇಲ್ಪದರ ಬಿಡಿಸುವುದು

ಬಿಸಿಲಿನಲ್ಲಿರುವ ಕುಂಡವನ್ನು ಮೊದಲು ನೆರಳಿಗೆ ತನ್ನಿ. ಸಂಜೆ ಅಥವಾ ಬೆಳಿಗ್ಗೆ ಮಾಡುವ ಕೆಲಸ ಇದು. ಬಾಡಿದ ಗಿಡಕ್ಕೆ ಈಗ ಗೊಬ್ಬರ ಹಾಕುವ ಯೋಚನೆ ಬೇಡ. ಒಣಗಿದ ಮಿಶ್ರಣದಲ್ಲಿ ಲವಣಾಂಶ ಮೊದಲೇ ಗಟ್ಟಿಯಾಗಿ ಕೂತಿರುತ್ತದೆ, ಮೇಲೆ ಮತ್ತಷ್ಟು ಸುರಿದರೆ ಬೇರು ಸುಡುತ್ತದೆ.

ಹಳೆಯ ಫೋರ್ಕ್‌ನಿಂದ ಮೇಲಿನ ಅರ್ಧ ಇಂಚನ್ನು ಮೆಲ್ಲಗೆ ಕೆದಕಿ ಸಡಿಲ ಮಾಡಿ. ಆಂಥೂರಿಯಂನಂಥ ಗಿಡಕ್ಕೆ ಬುಡದ ಹತ್ತಿರವೇ ದಪ್ಪ ಬೇರು ಇರುವುದರಿಂದ ಅಲ್ಲಿ ಕೈ ಹಾಕಬೇಡಿ. ಆಮೇಲೆ ಬಿದಿರು ಕಡ್ಡಿಯಿಂದ, ಬುಡದಿಂದ ಎರಡು ಬೆರಳು ದೂರ ಬಿಟ್ಟು, ಆರೇಳು ಕಡೆ ಕುಂಡದ ಮುಕ್ಕಾಲು ಆಳದವರೆಗೆ ಚುಚ್ಚಿ. ಬೇರು ಅಡ್ಡ ಬಂದರೆ ಒತ್ತಬೇಡಿ, ಪಕ್ಕಕ್ಕೆ ಸರಿಯಿರಿ. ಈ ತೂತುಗಳಿಂದ ಒಳಗಿನ ಗಾಳಿ ಹೊರಗೆ ಬರಲು ದಾರಿಯಾಗುತ್ತದೆ. ನೀರು ಒಳಗೆ ಹೋಗಬೇಕಾದರೆ ಮೊದಲು ಅಲ್ಲಿರುವ ಗಾಳಿ ಜಾಗ ಬಿಡಬೇಕು.

ಹಂತ 2: ಟಬ್ಬಿನಲ್ಲಿ ನೆನೆಸುವುದು

ಕುಂಡ ಹಿಡಿಸುವ ಟಬ್ ಅಥವಾ ದೊಡ್ಡ ಬಕೆಟ್ ತೆಗೆದುಕೊಳ್ಳಿ. ನೀರು ತುಂಬಿದ ಟಬ್ಬಿಗೆ ಕುಂಡ ಇಳಿಸಬೇಡಿ. ಖಾಲಿ ಟಬ್ಬಿನಲ್ಲಿ ಕುಂಡ ಇಟ್ಟು ಆಮೇಲೆ ನೀರು ತುಂಬಿಸಿ. ಕಾರಣ ಸರಳ. ನಾಲ್ಕು ಲೀಟರ್ ಜಾಗ ಹಿಡಿಯುವ ಕುಂಡ ಒಂದೂಕಾಲು ಕಿಲೋ ಮಾತ್ರ ತೂಗುತ್ತಿದ್ದರೆ ಅದು ನೀರಲ್ಲಿ ತೇಲುತ್ತದೆ, ವಾಲುತ್ತದೆ. ಕೆಲವೊಮ್ಮೆ ಒಣಗಿದ ಹೆಂಟೆ ಗಿಡದ ಸಮೇತ ಕುಂಡದಿಂದ ಎದ್ದು ಬರುತ್ತದೆ. ಅದಕ್ಕೆ ಮಿಶ್ರಣದ ಮೇಲೆ, ಬುಡದ ಅಕ್ಕಪಕ್ಕ, ಎರಡು ಚಪ್ಪಟೆ ಕಲ್ಲು ಅಥವಾ ಹಂಚಿನ ಚೂರು ಇಡಿ.

ನೀರು ಉಗುರುಬೆಚ್ಚಗಿರಲಿ. ಚಳಿಗಾಲದಲ್ಲಿ ಬೆಳಗಿನ ಹೊತ್ತು ಟ್ಯಾಂಕಿನ ನೀರು ಕೈ ಕೊರೆಯುವಷ್ಟು ತಣ್ಣಗಿರುತ್ತದೆ; ತಣ್ಣೀರು ನಿಧಾನವಾಗಿ ಇಳಿಯುತ್ತದೆ, ಬಿಸಿಲು ನಾಡಿನ ಗಿಡಗಳ ಬೇರಿಗೂ ಹಿತವಲ್ಲ. ಮಗುವಿಗೆ ಸ್ನಾನ ಮಾಡಿಸುವ ಹದಕ್ಕಿಂತ ಸ್ವಲ್ಪ ತಣ್ಣಗಿದ್ದರೆ ಸಾಕು, ಅದಕ್ಕಿಂತ ಬಿಸಿ ಬೇಡ.

ಮೊದಲು ಕುಂಡದ ಎತ್ತರದ ಮೂರನೇ ಒಂದು ಭಾಗದಷ್ಟು ನೀರು ಬಿಡಿ. ಹದಿನೈದು ನಿಮಿಷ ಬಿಟ್ಟು, ಅಂಚಿಗೆ ಎರಡು ಬೆರಳು ಕಡಿಮೆ ಆಗುವಷ್ಟು ಏರಿಸಿ. ತಳದ ತೂತಿನಿಂದ ಒಳಗೆ ಬಂದ ನೀರು ಮೊದಲು ಗೋಡೆ ಪಕ್ಕದ ಸಂದಿಯನ್ನು ತುಂಬುತ್ತದೆ. ಇಷ್ಟು ದಿನ ನೀರನ್ನು ಕಳ್ಳತನದಿಂದ ಹೊರಗೆ ಸಾಗಿಸುತ್ತಿದ್ದ ಆ ಸಂದಿಯೇ ಈಗ ಉಪಯೋಗಕ್ಕೆ ಬರುತ್ತದೆ: ಹೆಂಟೆಯ ಸುತ್ತಲೂ ನೀರು ನಿಂತು, ಹೊರಗಿನ ನೀರಿನ ಒತ್ತಡಕ್ಕೆ ಕಣಗಳ ನಡುವೆ ನಿಧಾನವಾಗಿ ನುಗ್ಗುತ್ತದೆ. ಮೇಲಿಂದ ಹೊಯ್ದಾಗ ನೀರಿಗೂ ಮಿಶ್ರಣಕ್ಕೂ ಅರ್ಧ ನಿಮಿಷದ ಪರಿಚಯ. ಇಲ್ಲಿ ಗಂಟೆಯ ಸಹವಾಸ.

ಕುಂಡದ ಅಂಚು ಮುಳುಗುವಷ್ಟು ನೀರು ಬಿಡದಿರುವುದಕ್ಕೂ ಕಾರಣವಿದೆ. ಮೇಲಿಂದಲೂ ನೀರು ಮುಚ್ಚಿದರೆ ನಡುವಿನ ಗಾಳಿಗೆ ಹೋಗಲು ದಾರಿ ತಪ್ಪುತ್ತದೆ, ಜೊತೆಗೆ ಹಗುರವಾದ ಪುಡಿ, ಇದ್ದಿಲು ಎಲ್ಲ ತೇಲಿ ಟಬ್ಬಿನ ಪಾಲಾಗುತ್ತದೆ.

ಗುಳುಗುಳು ಅಂತ ಗಾಳಿಗುಳ್ಳೆ ಬರುತ್ತಿರುವುದು ಕೆಲಸ ನಡೆಯುತ್ತಿದೆ ಎಂಬುದಕ್ಕೆ ಗುರುತು. ಗುಳ್ಳೆ ನಿಂತು ಮೇಲ್ಭಾಗದ ಬಣ್ಣ ತಾನಾಗಿಯೇ ಕಪ್ಪಾಗುತ್ತಾ ಬಂದರೆ ನೀರು ಮೇಲಕ್ಕೆ ತಲುಪಿದೆ. ಚಿಕ್ಕ ಕುಂಡಕ್ಕೆ ಮುಕ್ಕಾಲು ಗಂಟೆ ಸಾಕಾಗಬಹುದು, ಎಂಟು ಹತ್ತು ಇಂಚಿನದಕ್ಕೆ ಎರಡು ಗಂಟೆ ಬೇಕಾಗಬಹುದು. ರಾತ್ರಿಯಿಡೀ ಬಿಟ್ಟು ಮಲಗಬೇಡಿ. ಬೇರಿಗೆ ಉಸಿರೂ ಬೇಕು.

ನೆನೆಯುತ್ತಿರುವಾಗ ಮಧ್ಯೆ ಒಂದೆರಡು ಸಲ, ಮೇಲಿಂದಲೂ ಒಂದು ಲೋಟ ನೀರನ್ನು ಸಣ್ಣ ಧಾರೆಯಲ್ಲಿ ಬುಡದ ಸುತ್ತ ಬಿಡಿ. ಕೊನೆಗೆ ಕುಂಡವನ್ನು ಹೊರಗೆ ತೆಗೆದು ಇಟ್ಟಿಗೆಗಳ ಮೇಲೆ ಸ್ವಲ್ಪ ವಾಲಿಸಿ ಅರ್ಧ ಗಂಟೆ ಬಸಿಯಲು ಬಿಟ್ಟು, ಆಮೇಲೆ ತೂಗಿ.

ಅತ್ತಿಗೆಯ ಕುಂಡ ಈ ಹಂತದಲ್ಲಿ 1.9 ಕಿಲೋಗೆ ಬಂತು. ಅಂದರೆ ಆರು ನೂರು ಗ್ರಾಮು ನೀರು ಹಿಡಿದಿದೆ. ಕೇಳಲು ಚೆನ್ನಾಗಿದೆ, ಆದರೆ ಆ ಗಾತ್ರದ ಇಂಥ ಮಿಶ್ರಣ ಒಂದೂಕಾಲು ಲೀಟರಿಗಿಂತ ಕಡಿಮೆ ಹಿಡಿದರೆ ಒಳಗೆ ಇನ್ನೂ ಒಣ ಗಂಟು ಉಳಿದಿದೆ ಎಂದೇ ಲೆಕ್ಕ. ಕಡ್ಡಿ ಚುಚ್ಚಿದಾಗ ನಡುಭಾಗದಲ್ಲಿ ಅದು ಗೊತ್ತೂ ಆಯಿತು. ಮಿಶ್ರಣ ಅಷ್ಟು ಒಣಗಿಲ್ಲದಿದ್ದರೆ ಇಲ್ಲಿಗೇ ಕೆಲಸ ಮುಗಿಯುತ್ತದೆ, ಮುಂದಿನ ಹಂತ ಬೇಕಿಲ್ಲ.

ಹಂತ 3: ಹಟಮಾರಿ ಮಿಶ್ರಣಕ್ಕೆ ಅಂಟುವಾಳ ಅಥವಾ ಸೋಪು

ಒಂದು ಸಲ ಟಬ್ಬಿನಲ್ಲಿಟ್ಟರೂ ಬಗ್ಗದಿದ್ದರೆ ನೀರಿನ ಮೇಲ್ಮೈ ಬಿಗಿತವನ್ನು ಸಡಿಲಿಸಬೇಕು. ಆಗ ಹನಿ ಗುಂಡಗೆ ನಿಲ್ಲಲಾರದೆ ಹರಡಿಕೊಂಡು, ಮೇಣದ ಲೇಪವಿರುವ ಕಣಗಳ ನಡುವೆಯೂ ನುಸುಳುತ್ತದೆ. ತೋಟದವರಿಗೆ ಇದು ಹೊಸತಲ್ಲ. ಔಷಧಿ ಎಲೆಯ ಮೇಲೆ ಹರಡಿ ನಿಲ್ಲಲಿ ಎಂದು ಸಿಂಪಡಣೆಗೆ ಸ್ಪ್ರೆಡರ್ ಬೆರೆಸುವುದು ಇದೇ ಲೆಕ್ಕದಲ್ಲಿ.

ಮನೆಯಲ್ಲೇ ಮಾಡುವುದಾದರೆ ಅಂಟುವಾಳ ನನ್ನ ಮೊದಲ ಆಯ್ಕೆ. ನಾಲ್ಕೈದು ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿಕೊಳ್ಳಿ. ಆ ರಸವನ್ನು ನಾಲ್ಕೈದು ಪಾಲು ನೀರಿಗೆ ಬೆರೆಸಿ. ಕಲಕಿದರೆ ತೆಳ್ಳಗೆ ನೊರೆ ಬರಬೇಕು, ಅಷ್ಟೇ. ಬಟ್ಟೆ ಒಗೆಯುವಷ್ಟು ನೊರೆ ಬೇಡ. ಅಂಟುವಾಳ ಇಲ್ಲದಿದ್ದರೆ ಪಾತ್ರೆ ತೊಳೆಯುವ ದ್ರವ ಸೋಪು, ಒಂದು ಲೀಟರಿಗೆ ನಾಲ್ಕೈದು ಹನಿ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಅದರಲ್ಲಿರುವ ಸೋಡಾ ಬೇರಿಗೆ ವಿಷ. ಸೋಪಿನ ಬಿಲ್ಲೆ ಕರಗಿಸಿ ಹಾಕುವುದೂ ಅರಸೀಕೆರೆ, ಕಡೂರು ಕಡೆ ನಡೆಯುವುದಿಲ್ಲ; ಅಲ್ಲಿನ ಗಡಸು ಬೋರ್‌ವೆಲ್ ನೀರಿಗೆ ಅದು ಒಡೆದು ಕೆನೆಗಟ್ಟುತ್ತದೆ, ನೊರೆಯೂ ಇಲ್ಲ, ಪ್ರಯೋಜನವೂ ಇಲ್ಲ. ಅಂಗಡಿಯಿಂದ ತಂದ ಸ್ಪ್ರೆಡರ್ ಬಳಸುವವರು ಬಾಟಲಿಯ ಮೇಲಿನ ಪ್ರಮಾಣ ದಾಟಬೇಡಿ.

ಈ ನೀರನ್ನು ಟಬ್ಬಿಗೆಲ್ಲ ಬೆರೆಸುವ ಅಗತ್ಯವಿಲ್ಲ. ಅರ್ಧದಿಂದ ಒಂದು ಲೀಟರ್ ತೆಗೆದುಕೊಂಡು ಮೇಲಿಂದ, ಕಡ್ಡಿ ಚುಚ್ಚಿದ ತೂತುಗಳ ಮೇಲೆ, ಲೋಟದಿಂದ ಸ್ವಲ್ಪಸ್ವಲ್ಪವೇ ಬಿಡಿ. ಒಮ್ಮೆ ಬಿಟ್ಟದ್ದು ಇಂಗುವವರೆಗೆ ಕಾಯಿರಿ, ಮತ್ತೆ ಬಿಡಿ. ಮೊದಲ ಲೋಟ ಪಕ್ಕಕ್ಕೆ ಓಡಿದರೂ ಮೂರನೆಯದು ನಿಂತು ಇಂಗುವುದನ್ನು ನೀವೇ ನೋಡುತ್ತೀರಿ. ಹತ್ತು ನಿಮಿಷ ಬಿಟ್ಟು, ಕುಂಡವನ್ನು ಮತ್ತೆ ಟಬ್ಬಿನಲ್ಲಿ ಬರಿಯ ನೀರಿಗೆ ಇಡಿ, ಒಂದು ಗಂಟೆ ಸಾಕು. ಕೊನೆಗೆ ಮೇಲಿಂದ ಒಂದೆರಡು ಲೀಟರ್ ಶುದ್ಧ ನೀರು ಹಾಯಿಸಿ ಸೋಪು, ಜೊತೆಗೆ ಹಳೆಯ ಲವಣ, ತೊಳೆದುಹೋಗಲಿ.

ಇದು ತಿಂಗಳು ತಿಂಗಳು ಮಾಡುವ ಉಪಚಾರವಲ್ಲ, ಒಮ್ಮೆ ಮಾಡಿ ಬಿಡುವಂಥದ್ದು. ಜರಿಗಿಡ, ಸೀತಾಳೆದಂಡೆಯಂಥ ನಾಜೂಕು ಬೇರಿನ ಗಿಡಗಳಿಗೆ ಸೋಪು ಬೇಡ. ಅವಕ್ಕೆ ಎರಡನೇ ಹಂತವನ್ನೇ ಮರುದಿನ ಇನ್ನೊಮ್ಮೆ ಮಾಡಿ. ತಿನ್ನುವ ಸೊಪ್ಪಿನ ಕುಂಡಗಳಿಗೆ ನಾನು ಅಂಟುವಾಳವನ್ನೂ ಬಳಸುವುದಿಲ್ಲ. ಉಳಿದ ಅಂಟುವಾಳದ ನೀರನ್ನು ಮೀನಿರುವ ತೊಟ್ಟಿ, ಕೆರೆಗೆ ಚೆಲ್ಲಬಾರದು, ಮೀನು ಸಾಯುತ್ತವೆ.

ಈ ಸುತ್ತಿನ ನಂತರ ಬಸಿದು ತೂಗಿದಾಗ ಕುಂಡ 2.7 ಕಿಲೋ ಇತ್ತು. ಒಂದು ಲೀಟರ್ ನಾನೂರು ಮಿಲಿ ಒಳಗೆ ಹೋಗಿದೆ. ಅದು ಸರಿಯಾದ ತೂಕ.

ಹಂತ 4: ಸಂದಿ ಮುಚ್ಚುವುದು

ಇದನ್ನು ಬಿಟ್ಟರೆ ಅಷ್ಟೂ ಕೆಲಸ ಹಾಳು. ನೆನೆದ ಮಿಶ್ರಣ ಉಬ್ಬಿ ಗೋಡೆಯ ಹತ್ತಿರ ಬರುತ್ತದೆ, ಆದರೆ ಮೊದಲಿನಂತೆ ಪೂರ್ತಿ ಕೂಡುವುದಿಲ್ಲ. ಉಳಿದ ಸಂದಿಯಲ್ಲಿ ಮುಂದಿನ ಸಲದ ನೀರು ಮತ್ತೆ ಜಾರುತ್ತದೆ, ನಡುಭಾಗ ಮತ್ತೆ ಒಣಗುತ್ತದೆ.

ಒಂದು ಬಟ್ಟಲು ಹೊಸ ಮಿಶ್ರಣಕ್ಕೆ ನೀರು ಚಿಮುಕಿಸಿ, ಹಿಂಡಿದರೆ ಒಂದೆರಡು ಹನಿ ಬರುವ ಹದಕ್ಕೆ ಕಲಸಿ. ಅದಕ್ಕೆ ಐದರಲ್ಲಿ ಒಂದು ಪಾಲು ಜರಡಿ ಹಿಡಿದ ಕೆಮ್ಮಣ್ಣು ಸೇರಿಸಿದರೆ ಒಳ್ಳೆಯದು. ಸಂದಿಯಲ್ಲಿ ಸುತ್ತಲೂ ಉದುರಿಸಿ, ಚಪ್ಪಟೆ ಕಡ್ಡಿಯಿಂದ ಕೆಳಗೆ ತಳ್ಳಿ, ಮತ್ತೆ ಉದುರಿಸಿ, ಹೆಬ್ಬೆರಳಲ್ಲಿ ಒತ್ತಿ. ಹೆಂಟೆಯನ್ನೇ ಗುದ್ದಿ ಬಿಗಿ ಮಾಡಬೇಡಿ. ಮೇಲ್ಭಾಗವನ್ನು ನಡುವೆ ತುಸು ತಗ್ಗು, ಗೋಡೆಯ ಕಡೆ ತುಸು ಎತ್ತರ ಇರುವಂತೆ ಮಾಡಿದರೆ ನೀರು ಮೊದಲು ಒಳಕ್ಕೆ ಸಾಗುತ್ತದೆ. ತೆಂಗಿನ ಬುಡಕ್ಕೆ ಪಾತಿ ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಪರೀಕ್ಷೆಯಲ್ಲಿ ಹನಿ ಬೇಗ ಇಂಗಿದ ಕೆಮ್ಮಣ್ಣಿನ ಕುಂಡಗಳಿಗೆ ಈ ಒಂದೇ ಹಂತ, ಜೊತೆಗೆ ನಿಧಾನವಾಗಿ ನೀರು ಹಾಕುವುದು, ಇಷ್ಟು ಸಾಕು.

ಎತ್ತಲಾಗದ ಕುಂಡಗಳಿಗೆ

ತಾರಸಿಯ ಮೇಲಿನ ನಿಂಬೆ, ಕರಿಬೇವು, ದಾಸವಾಳದ ದೊಡ್ಡ ಡ್ರಮ್ಮುಗಳನ್ನು ಟಬ್ಬಿಗೆ ಇಳಿಸಲಾಗುವುದಿಲ್ಲ. ಅಲ್ಲಿ ಮೊದಲು ಸಂದಿ ಮುಚ್ಚಿ, ಆಮೇಲೆ ನೀರು. ಒಂದು ದಪ್ಪ ಗೋಣಿಚೀಲವನ್ನು ನೆನೆಸಿ ಮಡಚಿ, ಬುಡದ ಸುತ್ತ ಮಿಶ್ರಣದ ಮೇಲೆ ಹಾಸಿ, ಸಂಜೆ ಅದರ ಮೇಲೆ ಎರಡು ಚೊಂಬು ನೀರು ಬಿಟ್ಟು ರಾತ್ರಿಯೆಲ್ಲ ಹಾಗೇ ಇಡಿ. ಚೀಲದ ತೇವಕ್ಕೆ ಕೆಳಗಿನ ಒಂದೆರಡು ಇಂಚು ಸ್ವಲ್ಪ ಹಸಿಯಾಗುತ್ತದೆ. ತುಸು ತೇವ ಕಂಡ ಮಿಶ್ರಣ ಪೂರ್ತಿ ಒಣಗಿದ್ದಕ್ಕಿಂತ ಎಷ್ಟೋ ಬೇಗ ನೀರು ಹೀರುತ್ತದೆ. ಹಾಗಾಗಿ ಒಮ್ಮೆಲೇ ಇಪ್ಪತ್ತು ಲೀಟರ್ ಸುರಿಯುವ ಬದಲು ತೇವ ಮಾಡಿ ಕಾಯುವುದು ಲಾಭ.

ಬೆಳಿಗ್ಗೆ ಎರಡು ಲೀಟರಿನ ಬಾಟಲಿಗಳ ಮುಚ್ಚಳಕ್ಕೆ ಸೂಜಿ ಕಾಯಿಸಿ ತೂತು ಮಾಡಿ, ನೀರು ತುಂಬಿ, ಬುಡಕ್ಕೂ ಗೋಡೆಗೂ ನಡುವೆ ತಲೆಕೆಳಗಾಗಿ ಊರಿ. ತಳದಲ್ಲೂ ಒಂದು ಸಣ್ಣ ತೂತು ಬೇಕು, ಇಲ್ಲದಿದ್ದರೆ ಗಾಳಿ ಹೋಗದೆ ನೀರು ಇಳಿಯುವುದು ನಿಂತುಹೋಗುತ್ತದೆ. ಒಂದು ಬಾಟಲಿ ಖಾಲಿಯಾಗಲು ಒಂದೆರಡು ಗಂಟೆ ಹಿಡಿದರೆ ಹದವಾಗಿದೆ. ಡ್ರಮ್ಮಿನ ಸುತ್ತ ಮೂರು ಕಡೆ ಇಟ್ಟು, ಜಾಗ ಬದಲಿಸಿ ಮರುದಿನವೂ ಮಾಡಿ. ಕಡ್ಡಿ ಪೂರ್ತಿ ಉದ್ದಕ್ಕೆ ಒದ್ದೆ ಬರುವವರೆಗೆ ನಿಲ್ಲಿಸಬೇಡಿ. ತಾರಸಿಗೆ ಹನಿ ನೀರಾವರಿ ಹಾಕಿಸಿಕೊಂಡವರಿಗೆ ಈ ತೊಂದರೆ ಇಲ್ಲ ಎಂದುಕೊಳ್ಳಬೇಡಿ. ಒಮ್ಮೆ ಪೂರ್ತಿ ಒಣಗಿದ ಮಿಶ್ರಣದಲ್ಲಿ ಹನಿ ಬಿದ್ದ ಜಾಗದ ಕೆಳಗೆ ಒಂದು ಕೊಳವೆಯಷ್ಟೇ ಒದ್ದೆಯಾಗಿ, ಉಳಿದದ್ದೆಲ್ಲ ಒಣಗಿಯೇ ಇರುತ್ತದೆ.

ಇಷ್ಟಾದರೂ ತೂಕ ಏರದಿದ್ದರೆ

ಎರಡು ಸುತ್ತು ನೆನೆಸಿದರೂ ಕುಂಡ ಭಾರವಾಗದಿದ್ದರೆ ಗಿಡವನ್ನು ಹೊರಗೆ ತೆಗೆದು ನೋಡುವುದೊಂದೇ ದಾರಿ. ಕುಂಡ ಓರೆ ಮಾಡಿ, ಬುಡವನ್ನು ಬೆರಳ ನಡುವೆ ಹಿಡಿದು ತಟ್ಟಿದರೆ ಹೆಂಟೆ ಜಾರಿ ಬರುತ್ತದೆ. ಬಹಳ ಸಲ ಕಾಣುವುದು ಇದು: ನರ್ಸರಿಯಿಂದ ತಂದ ಗಿಡದ ಮೂಲ ಹೆಂಟೆ, ಬರೀ ಪೀಟ್ ಅಥವಾ ಕೋಕೋಪೀಟಿನ ಮುಷ್ಟಿಗಾತ್ರದ ಗಟ್ಟಿ ಉಂಡೆ, ನಡುವೆ ಹಾಗೇ ಕೂತಿದೆ. ನಾವು ಸುತ್ತಲೂ ತುಂಬಿದ ಮಣ್ಣು ಚೆನ್ನಾಗಿ ಒದ್ದೆ ಇದೆ, ಉಂಡೆ ಒಣಗಿದೆ, ಬೇರೆಲ್ಲ ಉಂಡೆಯೊಳಗೇ ಇದೆ. ಆ ಉಂಡೆಯನ್ನು ಮಾತ್ರ ಅಂಟುವಾಳದ ನೀರಿನ ಬಕೆಟ್ಟಿನಲ್ಲಿ ಕೈಯಿಂದ ಒತ್ತಿ ಹಿಡಿದು ಗುಳ್ಳೆ ನಿಲ್ಲುವವರೆಗೆ ಮುಳುಗಿಸಿ, ಹೊರಗಿನ ಬೇರನ್ನು ಬೆರಳಿನಿಂದ ಸ್ವಲ್ಪ ಬಿಡಿಸಿ ಮತ್ತೆ ನೆಡಿ. ನರ್ಸರಿಯಿಂದ ಗಿಡ ತಂದ ದಿನವೇ, ನೆಡುವ ಮೊದಲು ಹೀಗೆ ನೆನೆಸಿಕೊಂಡರೆ ಈ ಗೋಳೇ ಇರುವುದಿಲ್ಲ.

ಬೇರು ಹಿಚುಕಿದರೆ ಗಟ್ಟಿಯಾಗಿ ಬಿಳಿ ಅಥವಾ ತಿಳಿ ಕಂದು ಇದ್ದರೆ ಗಿಡ ಉಳಿಯುತ್ತದೆ. ಸಿಪ್ಪೆ ಕಳಚಿ ಒಳಗೆ ದಾರದಂತೆ ಉಳಿದಿದ್ದರೆ ಅವು ಸತ್ತ ಬೇರು, ಕತ್ತರಿಸಿ ತೆಗೆದು ಚಿಕ್ಕ ಕುಂಡಕ್ಕೆ ಇಳಿಸಿ. ಸತ್ತ ಬೇರಿನ ಗಿಡವನ್ನು ದೊಡ್ಡ ಒದ್ದೆ ಕುಂಡದಲ್ಲಿಟ್ಟರೆ ನೀರು ಕುಡಿಯುವವರಿಲ್ಲದೆ ಕೊಳೆ ಶುರುವಾಗುತ್ತದೆ.

ಮಿಶ್ರಣ ಸರಿಹೋದ ಮೇಲೂ ಗಿಡ ಕೂಡಲೇ ತಲೆ ಎತ್ತದಿರಬಹುದು. ಅಂಚು ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಜೋತು ಬಿದ್ದ ಎಲೆ ಮಾರನೆಯ ಬೆಳಿಗ್ಗೆಗೆ ನೆಟ್ಟಗಾದರೆ ಸಾಕು. ಒಂದು ವಾರ ನೆರಳು, ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಇಲ್ಲ.

ಮತ್ತೆ ಅಷ್ಟು ಒಣಗಲು ಬಿಡದಿರುವುದು

ಈಗ ಕೈಯಲ್ಲಿ ಎರಡು ತೂಕಗಳಿವೆ: ಒಣಗಿದಾಗ 1.3, ತುಂಬಿದಾಗ 2.7. ಎರಡರ ನಡುವೆ, 2 ಕಿಲೋ ಹತ್ತಿರ ಬಂದಾಗ ನೀರು ಹಾಕಿದರೆ ಮಿಶ್ರಣ ಎಂದೂ ನೀರು ತಳ್ಳುವ ಮಟ್ಟಕ್ಕೆ ಇಳಿಯುವುದಿಲ್ಲ. ದಿನಾ ತೂಗುವ ಗೋಜು ಬೇಡ. ನಾಲ್ಕು ಸಲ ತೂಗಿ ಎತ್ತಿದರೆ ಕೈಗೇ ಆ ಭಾರ ಗೊತ್ತಾಗಿಬಿಡುತ್ತದೆ. ವಾರಕ್ಕೆ ಎರಡು ಸಲ, ದಿನ ಬಿಟ್ಟು ದಿನ ಅನ್ನುವ ಲೆಕ್ಕಗಳಿಗಿಂತ ಇದು ಮೇಲು, ಯಾಕೆಂದರೆ ಫೆಬ್ರವರಿಯ ಹಾಸನದ ತಾರಸಿಗೂ ಜುಲೈನ ಮೂಡಿಗೆರೆಯ ಅಂಗಳಕ್ಕೂ ಒಂದೇ ದಿನಗಣನೆ ಹೊಂದುವುದಿಲ್ಲ.

ಮಿಶ್ರಣ ಮಾಡುವಾಗಲೇ ಐದರಲ್ಲಿ ಒಂದು ಪಾಲು ಜರಡಿ ಹಿಡಿದ ಕೆಮ್ಮಣ್ಣು ಬೆರೆಸಿಕೊಳ್ಳಿ. ಜೇಡಿಯಂಶದ ಸೂಕ್ಷ್ಮ ಕಣಗಳು ಮೇಣದ ಲೇಪದ ಮೇಲೆ ಕೂತು ನೀರಿಗೆ ಹಿಡಿತ ಕೊಡುತ್ತವೆ. ಕುಂಡ ಸ್ವಲ್ಪ ಭಾರವಾಗುತ್ತದೆ, ತೂಗುಹಾಕುವ ಕುಂಡಗಳಿಗೆ ಅದು ಅಡಚಣೆಯೇ. ಎಲೆಗೊಬ್ಬರ ಬಳಸುವವರು ಕೈಯಲ್ಲಿ ಉಜ್ಜಿದರೆ ಎಲೆಯ ಗುರುತೇ ಸಿಗದಷ್ಟು ಕೊಳೆತದ್ದನ್ನು ಆರಿಸಿ. ಕೋಕೋಪೀಟ್ ಇಟ್ಟಿಗೆಯನ್ನು ಒಣಗಿದ್ದಾಗಲೇ ಪುಡಿಮಾಡಿ ತುಂಬುವುದು ಬೇಡ. 650 ಗ್ರಾಮಿನ ಒಂದು ಇಟ್ಟಿಗೆಗೆ ಮೂರೂವರೆ, ನಾಲ್ಕು ಲೀಟರ್ ಉಗುರುಬೆಚ್ಚಗಿನ ನೀರು ಬೇಕಾಗುತ್ತದೆ. ಒಂದೆರಡು ಗಂಟೆ ಬಿಟ್ಟು, ಒಣ ಗಂಟು ಇಲ್ಲವೆಂದು ಕೈಯಾಡಿಸಿ ನೋಡಿ ಆಮೇಲೆ ಉಳಿದದ್ದರ ಜೊತೆ ಬೆರೆಸಿ. ಮೂಲೆಯಲ್ಲಿ ಬಿದ್ದು ಒಣಗಿದ ಹಳೆಯ ಚೀಲದ ಮಿಶ್ರಣಕ್ಕೂ ಇದೇ ನಿಯಮ.

ನಾಲ್ಕು ದಿನ ಊರಿಗೆ ಹೋಗುವುದಿದ್ದರೆ ಹಿಂದಿನ ಸಂಜೆ ಕುಂಡಗಳನ್ನು ಟಬ್ಬಿನಲ್ಲಿ ನೆನೆಸಿ, ಬಸಿದು, ಗಾಳಿ ಬಡಿಯದ ನೆರಳಿನಲ್ಲಿ ಒತ್ತಾಗಿ ಜೋಡಿಸಿ, ಮೇಲೆ ಒಣ ಅಡಿಕೆ ಸಿಪ್ಪೆಯನ್ನೋ ತೆಂಗಿನ ನಾರನ್ನೋ ಹಾಸಿ ಹೋಗಿ.

ಮಳೆಗಾಲ ಬಂತಲ್ಲ, ಇನ್ನು ಚಿಂತೆಯಿಲ್ಲ ಎನ್ನುವವರಿಗೆ ಒಂದು ಮಾತು. ಸೂರಿನ ಒಳಗಿರುವ ಜಗಲಿಯ ಕುಂಡಗಳಿಗೆ ಎದುರಿನ ಅಂಗಳದಲ್ಲಿ ಬೀಳುವ ಮಳೆ ಸೇರುವುದಿಲ್ಲ. ಅಂಗಳದಲ್ಲೇ ಇದ್ದರೂ ಆಂಥೂರಿಯಂನಂಥ ಅಗಲ ಎಲೆಗಳು ನೀರನ್ನು ಕುಂಡದ ಹೊರಗೆ ಸುರಿಸುತ್ತವೆ. ಊರೆಲ್ಲ ತೊಯ್ದು ತೊಪ್ಪೆಯಾದ ಜುಲೈನಲ್ಲೂ ಒಣಗಿ ಗೋಡೆ ಬಿಟ್ಟ ಕುಂಡ ಸಿಗುವುದು ಹೀಗೆ. ಆಗ ನೆನೆಸುವುದಾದರೆ ಟಬ್ಬಿನಲ್ಲಿ ಒಂದು ಗಂಟೆಗಿಂತ ಹೆಚ್ಚು ಇಡಬೇಡಿ, ಬಸಿಯಲು ಮಾತ್ರ ಎರಡು ಪಟ್ಟು ಹೊತ್ತು ಕೊಡಿ. ಆ ಥಂಡಿ ಗಾಳಿಯಲ್ಲಿ ಹೆಚ್ಚಿನ ನೀರು ಆರುವುದು ಬಹಳ ನಿಧಾನ.